ಕಿಟಕಿ ಇದೆ, ಬಾಗಿಲು ಕಾಣುವುದಿಲ್ಲ

"ಅವನನ್ನು ಕ್ಷಮಿಸಲಾ, ಹೇಳೇ" ಎಂದು ಗೆಳತಿ ಕೇಳಿದಳು. ನಾಲ್ಕು ವರ್ಷದ ಸಂಗಾತಿ ಇನ್ನೊಬ್ಬಳ ಜೊತೆಗೂ ಇದ್ದಾನೆಂದು ಅವಳಿಗೆ ತಿಳಿದು ಹದಿನೈದು ದಿನವಾಗಿತ್ತು. ಟ್ಯಾರೋ ಕಾರ್ಡುಗಳು ಭವಿಷ್ಯ ಹೇಳುತ್ತವೆಂದು ನಾನು ನಂಬುವುದಿಲ್ಲ. ಆದರೆ ಬಾಯಿಗೆ ಬಾರದ ಮಾತನ್ನು ಒಂದು ಚಿತ್ರ ಹೊರಗೆಳೆಯುವುದನ್ನು ಕಂಡಿದ್ದೇನೆ. ಎರಡೇ ಕಾರ್ಡು ತೆಗೆದೆವು. ಮೊದಲನೆಯದು ಅವಳು ಈಗ ಎಲ್ಲಿ ನಿಂತಿದ್ದಾಳೆ ಎಂಬುದಕ್ಕೆ, ಎರಡನೆಯದು ತೀರ್ಮಾನಕ್ಕೆ ಏನು ಬೇಕು ಎಂಬುದಕ್ಕೆ. ಬಂದದ್ದು ಫೈವ್ ಆಫ್ ಪೆಂಟಕಲ್ಸ್ ಮತ್ತು ಜಸ್ಟಿಸ್.

"ನ್ಯಾಯ ಬಂದಿದೆ, ಬಿಟ್ಟುಬಿಡು" ಎಂದುಬಿಟ್ಟೆ. ಅದು ಕಾರ್ಡಿನ ಮಾತಲ್ಲ, ನನ್ನ ಸಿಟ್ಟು. ಅವನ ಗೆಳೆಯ ಅಲ್ಲಿ ಕೂತಿದ್ದರೆ ಅದೇ ಕಾರ್ಡು ತೋರಿಸಿ, "ಅವನ ಒಳ್ಳೆಯತನವನ್ನೂ ತಕ್ಕಡಿಗೆ ಹಾಕು, ಕ್ಷಮಿಸು" ಎನ್ನುತ್ತಿದ್ದ. ಒಂದು ಕಾರ್ಡು ಎರಡೂ ಉತ್ತರಕ್ಕೆ ಒಗ್ಗುವಾಗ, ಉತ್ತರ ಬರುತ್ತಿರುವುದು ಓದುವವರಿಂದ. ಹಾಗಾಗಿ ಮೊದಲ ಕಾರ್ಡಿಗೆ ಮರಳಿದೆವು.

1909ರಲ್ಲಿ ಪಮೇಲಾ ಕೋಲ್ಮನ್ ಸ್ಮಿತ್ ಬರೆದ ಆ ಚಿತ್ರದಲ್ಲಿ ಇಬ್ಬರು ಬಡವರು ಹಿಮದಲ್ಲಿ ನಡೆಯುತ್ತಿದ್ದಾರೆ. ಒಬ್ಬಳ ಕಾಲು ಬರಿಗಾಲು, ಇನ್ನೊಬ್ಬ ಊರುಗೋಲಿನ ಮೇಲೆ. ಅವರ ಹಿಂದೆ ಐದು ನಾಣ್ಯಗಳ ಬಣ್ಣದ ಗಾಜಿನ ಕಿಟಕಿ ಬೆಳಗುತ್ತಿದೆ, ಬಾಗಿಲು ಮಾತ್ರ ಎಲ್ಲೂ ಕಾಣುವುದಿಲ್ಲ.

"ಇಲ್ಲಿ ನಿನ್ನ ಚಳಿ ಯಾವುದು?" ಎಂದು ಕೇಳಿದೆ.

"ಈ ಊರಲ್ಲಿ ಒಬ್ಬಳೇ ಆಗಿಬಿಡೋದು. ಅಮ್ಮನಿಗೆ ಬೇರೆ ಹೇಳಿಯಾಗಿದೆ, ಅವನನ್ನೇ ಮದುವೆ ಆಗ್ತೀನಿ ಅಂತ."

ಎರಡು ಕಾರಣಗಳಲ್ಲಿ ಒಂದೂ ಅವನು ಮಾಡಿದ್ದರ ಬಗ್ಗೆ ಇರಲಿಲ್ಲ. ಚಳಿಗೆ ಹೆದರಿ ಒಳಗೆ ಹೋಗುವುದು ತಪ್ಪಲ್ಲ, ಆದರೆ ಅದು ಆಸರೆ ಬೇಡುವುದು. ಅದನ್ನೇ ಕ್ಷಮೆ ಎಂದು ಕರೆದರೆ, ಮೈ ಬೆಚ್ಚಗಾದ ದಿನ ಹಳೆಯ ಲೆಕ್ಕ ಮತ್ತೆ ತೆರೆದುಕೊಳ್ಳುತ್ತದೆ.

ಆಮೇಲೆ ಜಸ್ಟಿಸ್ ನೋಡಿದೆವು. ಬಲಗೈಯಲ್ಲಿ ನೆಟ್ಟಗೆ ಹಿಡಿದ ಕತ್ತಿ, ಎಡಗೈಯಲ್ಲಿ ತಕ್ಕಡಿ. ನ್ಯಾಯದೇವತೆಯ ಎಷ್ಟೋ ಪ್ರತಿಮೆಗಳಿಗೆ ಇರುವ ಕಣ್ಣಪಟ್ಟಿ ಇವಳಿಗಿಲ್ಲ. ನೇರ ನಮ್ಮನ್ನೇ ನೋಡುತ್ತಾಳೆ. ತೂಗಬೇಕಾದರೆ ತಟ್ಟೆಯಲ್ಲಿ ಏನಾದರೂ ಇರಬೇಕು. ಅವನು ಮೊದಲು "ಒಂದೇ ಸಲ" ಎಂದಿದ್ದ, ವಾರದ ಮೇಲೆ "ಮೂರು ತಿಂಗಳು" ಎಂದಿದ್ದ. ಸಾಲ ಮನ್ನಾ ಮಾಡುವವರಿಗೂ ಸಾಲ ಎಷ್ಟೆಂದು ಗೊತ್ತಿರಬೇಕು. ತಿಳಿಯದ ಮೊತ್ತವನ್ನು ಮನ್ನಾ ಮಾಡಿದರೆ ಅದು ಔದಾರ್ಯವಲ್ಲ, ಲೆಕ್ಕ ನೋಡಲು ಹೆದರಿಕೆ.

ಹಾಗೆಂದು ಲೆಕ್ಕ ಪೂರ್ತಿ ಸಿಕ್ಕಿದರೆ ಕ್ಷಮಿಸಲೇಬೇಕೆಂದೂ ಇಲ್ಲ. ಸತ್ಯ ಹೇಳುವುದು ಅವನ ಮೇಲಿನ ಋಣ. ಕ್ಷಮೆ ಅವಳ ಮೇಲಿನ ಋಣವಲ್ಲ, ಕೊಟ್ಟರೆ ಕೊಡುಗೆ. ತಕ್ಕಡಿ ಅದನ್ನು ಕೇಳಲಾರದು.

ಆ ರಾತ್ರಿ ಅವಳು ಎರಡು ಮೆಸೇಜ್ ಕಳಿಸಿದಳು. ಮೊದಲನೆಯದು ಚಿಕ್ಕಮ್ಮನಿಗೆ: "ಒಂದು ತಿಂಗಳು ನಿಮ್ಮನೇಲಿ ಇರಬಹುದಾ?" ಅವರು ಒಪ್ಪಿದ ಮೇಲೆ ಎರಡನೆಯದು ಅವನಿಗೆ: "ಮೊದಲಿಂದ ಎಲ್ಲ ಹೇಳು."