ಕಮೆಂಟು ನಮ್ಮದು, ಗೋಡೆ ಅವರದ್ದು

ಹೊಸ ಕೆಲಸಕ್ಕೆ ಅರ್ಜಿ ಹಾಕುವ ಮುಂಚೆ ಫೇಸ್‌ಬುಕ್ ಗುಡಿಸಿಡುವುದು ಈಗ ರೆಸ್ಯೂಮೆ ತಿದ್ದುವಷ್ಟೇ ಮಾಮೂಲು. ನಮ್ಮ ಪೋಸ್ಟು ನಾವು ಅಳಿಸಿದರೆ ಯಾರದ್ದೂ ತಕರಾರಿಲ್ಲ. ಗೋಡೆ ನಮ್ಮದು, ಸುಣ್ಣವೂ ನಮ್ಮದು. ಆದರೆ ಬೇರೆಯವರ ಪೋಸ್ಟಿನ ಕೆಳಗೆ ಬರೆದು ಬಂದದ್ದು? ಅದು ಯಾರ ಸೊತ್ತು?

ಬಂಟ್ವಾಳದ ನನ್ನೊಬ್ಬ ಗೆಳೆಯ, ಈಗ ಬೆಂಗಳೂರಿನಲ್ಲಿದ್ದಾನೆ, ಹೋದ ತಿಂಗಳು ಈ ಕೆಲಸಕ್ಕೆ ಕೂತ. ದಾರಿ ಸುಲಭ. ಪ್ರೊಫೈಲಿನ ಮೂರು ಚುಕ್ಕಿ ಒತ್ತಿದರೆ Activity log, ಅದರೊಳಗೆ Comments and reactions, ಅದರೊಳಗೆ Comments. ವರ್ಷ ಆರಿಸಿ, All ಅಂತ ಟಿಕ್ ಮಾಡಿ, Remove ಒತ್ತುವುದು. All ಅಂದರೆ ತೆರೆಯ ಮೇಲೆ ಅಷ್ಟರವರೆಗೆ ಬಂದಿರುವವು ಮಾತ್ರ, ಹಾಗಾಗಿ ಮೊದಲು ಕೆಳಗಿನತನಕ ಸ್ಕ್ರಾಲ್ ಮಾಡಬೇಕು. ಒಮ್ಮೆಲೇ ತುಂಬ ಆರಿಸಿದರೆ ಅರ್ಧದಲ್ಲಿ ಸಿಕ್ಕಿಹಾಕಿಕೊಳ್ಳುವುದೂ ಉಂಟು. ಪುಟ ರಿಫ್ರೆಶ್ ಮಾಡಿ ಅದೇ ತಿಂಗಳನ್ನು ಮತ್ತೆ ನೋಡಿದರೆ ಉಳಿದದ್ದು ಗೊತ್ತಾಗುತ್ತದೆ. ಪೋಸ್ಟಾದರೆ Trash ಎಂಬಲ್ಲಿ 30 ದಿನ ಇರುತ್ತದೆ, ಮನಸ್ಸು ಬದಲಾದರೆ ವಾಪಸ್ ತರಬಹುದು. ಕಮೆಂಟಿಗೆ ಆ ಭಾಗ್ಯ ಇಲ್ಲ. ಹೋದದ್ದು ಹೋಯಿತು.

2012, 2013ರ ‘ಸೂಪರ್ ಮಚಾ’ಗಳೆಲ್ಲ ಹೋದವು. ಅದಕ್ಕೆ ಯಾರೂ ಅಳುವುದಿಲ್ಲ. 2019ರ ಆಗಸ್ಟ್ ಬಂದಾಗ ಕೈ ನಿಂತಿತು. ನೇತ್ರಾವತಿ ಉಕ್ಕಿ ಬಂಟ್ವಾಳ ಪೇಟೆಗೆ ನುಗ್ಗಿದ, ಬೆಳ್ತಂಗಡಿ ಕಡೆ ಗುಡ್ಡ ಜರಿದು ಚಾರ್ಮಾಡಿ ಘಾಟಿ ಮುಚ್ಚಿದ ತಿಂಗಳು ಅದು. ಪರಿಚಯದವರೊಬ್ಬರ ನೆರೆಯ ಫೋಟೋದಡಿ ಇವನು ಬರೆದಿದ್ದ: “ಚಾರ್ಮಾಡಿ ಬಂದ್ ಅಂತೆ, ಊರಿಗೆ ಬರ್ಲಿಕ್ಕೆ ಬೇರೆ ಎಂತ ದಾರಿ ಉಂಟು?” ಲಾಗಿನಲ್ಲಿ ಅದು ಒಂದೇ ಸಾಲು. ಅದರ ಅಡಿ ಎಷ್ಟು ಮಂದಿ ಏನು ಬರೆದಿದ್ದಾರೆ ಎಂದು ಅಲ್ಲಿ ಕಾಣುವುದಿಲ್ಲ. ತೆರೆದು ನೋಡಿದರೆ ಹತ್ತಿಪ್ಪತ್ತು ಉತ್ತರ. ಯಾರ ಅಂಗಳದವರೆಗೆ ನೀರು ಬಂತು, ಯಾರ ಮನೆಯಲ್ಲಿ ಉಳಿಯಬಹುದು, 1974ರ ನೆರೆ ಇದಕ್ಕಿಂತ ಎಷ್ಟು ಮೇಲಿತ್ತು ಎಂದು ಒಬ್ಬರ ಅಜ್ಜಿ ಹೇಳಿದ್ದು.

ಇವನ ಸಾಲು ತೆಗೆದರೆ ಅವೆಲ್ಲವೂ ಒಟ್ಟಿಗೆ ಹೋಗುತ್ತವೆ. ಉತ್ತರಗಳು ಮೂಲ ಕಮೆಂಟಿಗೆ ಜೋತುಬಿದ್ದಿರುತ್ತವೆ. ಬರೆದವರಿಗೆ ಸುದ್ದಿಯೂ ಸಿಗುವುದಿಲ್ಲ.

“ನನ್ನದು ನಾನು ತೆಗೆದ್ರೆ ಅವರಿಗೆ ಎಂತ ಮಾರಾಯ?” ಎಂದ. ಕಾನೂನು ಪ್ರಕಾರ ಸರಿಯೇ. ಆದರೆ ನಮ್ಮ ದಾನಶಾಸನಗಳ ಕೊನೆಯಲ್ಲಿ ಬರುವ ಶಾಪ ಒಂದುಂಟಲ್ಲ, ಅದು ಕಸಿದುಕೊಳ್ಳುವ ಕಳ್ಳನಿಗೆ ಮಾತ್ರ ಅಲ್ಲ, ತಾನೇ ಕೊಟ್ಟದ್ದನ್ನು ವಾಪಸ್ ಕಿತ್ತುಕೊಳ್ಳುವವನಿಗೂ ಅನ್ವಯ. ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುತ್ತಾನಂತೆ! (ಒಂದು ಕಮೆಂಟಿಗೆ ಅಷ್ಟು ಶಿಕ್ಷೆ ಜಾಸ್ತಿ, ಒಪ್ಪುತ್ತೇನೆ.) ಆದರೆ ತರ್ಕ ನೋಡಿ. ಕೊಟ್ಟ ಮೇಲೆ ಅದರ ಮೇಲೆ ಇನ್ನೊಬ್ಬರು ಏನೋ ಕಟ್ಟಿಕೊಂಡಿರುತ್ತಾರೆ. ಅಪ್ಪ ತೀರಿಕೊಂಡವನ ಪೋಸ್ಟಿನಡಿ ನಾವು ಬರೆದ ನಾಲ್ಕು ಮಾತೂ ಕೊಟ್ಟದ್ದೇ. ವರ್ಷಕ್ಕೊಮ್ಮೆ ಆತ ಅದನ್ನು ತೆರೆದು ಓದುತ್ತಿದ್ದರೆ?

ಜಗಳದ ಕಮೆಂಟಿನ ಲೆಕ್ಕ ತಿರುಗುಮುರುಗು. ಇನ್ನೊಬ್ಬರ ಕಮೆಂಟಿನ ಕೆಳಗೆ ನಾವು ಉತ್ತರವಾಗಿ ಬರೆದಿದ್ದರೆ ನಮ್ಮ ಸಾಲು ಮಾತ್ರ ಮಾಯ, ಎದುರಿನವನದ್ದು ಅಲ್ಲೇ. ಚುನಾವಣೆ ಟೈಮಿನಲ್ಲಿ ನಾವು ಕೆಣಕಿ, ಅವನು ಸಿಟ್ಟಿನಲ್ಲಿ ಏನೋ ಅಂದಿರುತ್ತಾನೆ. ಐದು ವರ್ಷದ ನಂತರ ನೋಡುವವರಿಗೆ ಅವನೊಬ್ಬನೇ ಗಾಳಿಗೆ ಬೈಯುತ್ತಿರುವ ಹಾಗೆ ಕಾಣುತ್ತದೆ. ಒಂದು ಕೈಯಲ್ಲಿ ಚಪ್ಪಾಳೆ ಆಗುವುದಿಲ್ಲ ಅಂತಾರೆ, ಇಲ್ಲಿ ಆಗುತ್ತದೆ. ಹಾಗಂತ ಯಾರನ್ನೋ ನೋಯಿಸಿದ ಮಾತು ಶಾಶ್ವತವಾಗಿ ಇರಲಿ ಎನ್ನಲಾರೆ. ಎಡಿಟ್ ಮಾಡಿದರೆ ಸಾಲದು, ಹಳೆಯ ರೂಪ ಎಡಿಟ್ ಹಿಸ್ಟರಿಯಲ್ಲಿ ಉಳಿದಿರುತ್ತದೆ. ತೆಗೆಯಬೇಕು, ಆದರೆ ಅಲ್ಲೇ ಒಂದು ಸಾಲು ಬಿಟ್ಟು ಬರಬೇಕು: ‘ಮೊದಲು ಕೆಣಕಿದ್ದು ನಾನು, ಅದನ್ನು ತೆಗೆದಿದ್ದೇನೆ.’ ಇದನ್ನು All ಒತ್ತಿ ಮಾಡಲಿಕ್ಕಾಗುವುದಿಲ್ಲ. ಒಂದೊಂದಾಗಿ ತೆರೆಯಬೇಕು. ರಗಳೆಯ ಕೆಲಸ.

ಮೊದಲು ಡೌನ್‌ಲೋಡ್ ಮಾಡಿಟ್ಟುಕೊಂಡರಾಯಿತಲ್ಲ ಎಂದು ಮೂಡುಬಿದಿರೆಯ ಇನ್ನೊಬ್ಬ ಗೆಳತಿ ಕೇಳಿದಳು. ಮಾಡಿ. JSON ಬೇಡ, ಅದರಲ್ಲಿ ಕನ್ನಡ ಅಕ್ಷರಗಳೆಲ್ಲ ಚಿತ್ರವಿಚಿತ್ರ ಚಿಹ್ನೆಗಳಾಗಿ ಬರುತ್ತವೆ. HTML ಆರಿಸಿ. ಆದರೆ ಆ ಫೈಲಿನಲ್ಲಿ ಇರುವುದು ನಮ್ಮ ಮಾತು, ತಾರೀಕು, ಯಾರ ಪೋಸ್ಟಿಗೆ ಎಂಬ ಹೆಸರು, ಅಷ್ಟೇ. ಅವರ ಪೋಸ್ಟೂ ಇಲ್ಲ, ಬಂದ ಉತ್ತರವೂ ಇಲ್ಲ. ‘ಹೌದು ಹೌದು’ ಎಂದು ಬರೆದದ್ದು ಸಿಗುತ್ತದೆ, ಯಾವುದಕ್ಕೆ ಹೌದು ಅಂದದ್ದೋ ಸಿಗುವುದಿಲ್ಲ.

ಗೆಳೆಯ 2019ರ ಆಗಸ್ಟನ್ನು ಟಿಕ್ ಮಾಡದೆ ಬಿಟ್ಟ. ಸೆಪ್ಟೆಂಬರಿನಿಂದ ಮತ್ತೆ ಗುಡಿಸಲು ಶುರು ಮಾಡಿದ್ದಾನೆ, ಈ ಸಲ ಒಂದೊಂದನ್ನೇ ತೆರೆದು ನೋಡಿಕೊಂಡು.