ಹಳೆಯ ನಂಟು, ಹೊಸ ಗೆಳೆತನ: ಯಾರ ಹಕ್ಕು ಎಷ್ಟು?



ಜುಬೈಲ್‌ನಲ್ಲೋ ದಮ್ಮಾಮ್‌ನಲ್ಲೋ ಕನ್ನಡಿಗರ ಇಫ್ತಾರ್ ಕೂಟ ನಡೆದಾಗ ನಾವು ತಾವಾಗಿಯೇ ಗುಂಪುಗಳಾಗುತ್ತೇವೆ. ಪುತ್ತೂರು, ಉಪ್ಪಿನಂಗಡಿಯವರ ನಡುವೆ ಬ್ಯಾರಿ ಮಾತು, ಭಟ್ಕಳದವರಲ್ಲಿ ನವಾಯತಿ, ಕಲಬುರಗಿ ಕಡೆಯವರಲ್ಲಿ ಉರ್ದು. ಆದರೆ ಎಲ್ಲರನ್ನೂ ಕರೆದದ್ದು ಕನ್ನಡದ ಹೆಸರಿನಲ್ಲಿ. ಹತ್ತು ವರ್ಷ ಒಂದೇ ರೂಮಿನಲ್ಲಿ ಉಂಡವರನ್ನು ಬಿಟ್ಟು ಹೊಸಬನ ಬಳಿ ಕೂತರೆ ಹಳಬರಿಗೆ ಬೇಸರ. ಹಳಬರ ಜೊತೆಗೇ ಉಳಿದರೆ ಹೊಸಬ ಒಂಟಿ. ಯಾರ ಹಕ್ಕು ದೊಡ್ಡದು?

ಈ ಪ್ರಶ್ನೆ ಮದೀನಾದಲ್ಲೂ ಎದ್ದಿತ್ತು. ಕ್ರಿ.ಶ. 622ರ ಹಿಜ್ರಾದ ಬಳಿಕ ಪ್ರವಾದಿವರ್ಯರು(ಸ) ವಲಸೆ ಬಂದ ಮುಹಾಜಿರರನ್ನೂ ಊರಿನ ಅನ್ಸಾರರನ್ನೂ ಇಬ್ಬಿಬ್ಬರಂತೆ ಸಹೋದರರನ್ನಾಗಿ ಮಾಡಿದರು. ಸಅದ್ ಬಿನ್ ರಬೀಅ್(ರ) ತಮ್ಮ ಸೊತ್ತಿನ ಅರ್ಧವನ್ನು ಅಬ್ದುರ್ರಹ್ಮಾನ್ ಬಿನ್ ಔಫ್(ರ)ರಿಗೆ ಕೊಡಲು ಮುಂದಾದರು. ಅವರು ಹರಸಿ, ಪೇಟೆಯ ದಾರಿಯನ್ನಷ್ಟೇ ಕೇಳಿದರು. ಅಲ್ಲಿ ತುಪ್ಪ ಮತ್ತು ಒಣಗಿಸಿದ ಗಿಣ್ಣಿನ ವ್ಯಾಪಾರ ಮಾಡಿ ಸ್ವಂತ ಕಾಲ ಮೇಲೆ ನಿಂತರು.

ಮೊದಲು ಈ ಹೊಸ ಸಹೋದರರು ಒಬ್ಬರ ಆಸ್ತಿಗೆ ಇನ್ನೊಬ್ಬರು ವಾರಸುದಾರರೂ ಆಗುತ್ತಿದ್ದರು. ಮುಂದೆ ಅದು ನಿಂತಿತು. ಸೂರಃ ಅಲ್ ಅಹ್‌ಝಾಬ್‌ನ 6ನೇ ಸೂಕ್ತವು ರಕ್ತಸಂಬಂಧಿಕರ ಹಕ್ಕೇ ಹೆಚ್ಚಿನದೆಂದು ಹೇಳಿತು. ಜೊತೆಗೆ ಗೆಳೆಯರಿಗೆ ಒಳಿತು ಮಾಡುವ ಬಾಗಿಲನ್ನು ತೆರೆದೇ ಇಟ್ಟಿತು. ಅಂದರೆ ಹಕ್ಕು ಬೇರೆ, ಉಪಕಾರ ಬೇರೆ. ಒಂದು ಇನ್ನೊಂದನ್ನು ಅಳಿಸುವುದಿಲ್ಲ.

ಇದನ್ನು ನಮ್ಮ ಕೂಟಕ್ಕೆ ಹೊಂದಿಸಿ ನೋಡೋಣ. ಯಾದಗಿರಿಯಿಂದ ಬಂದು ಎರಡು ತಿಂಗಳಾದ ಯುವಕನೊಬ್ಬ ಇಬ್ಬರು ಹಳೆಯ ಗೆಳೆಯರ ಪಕ್ಕ ಕೂತಿದ್ದಾನೆಂದು ಭಾವಿಸಿ. ಅವರಿಬ್ಬರೂ ಬ್ಯಾರಿಯಲ್ಲಿ ಮಾತಾಡಿ ನಗುತ್ತಾರೆ. ಅವರ ಮನದಲ್ಲಿ ಕೆಡುಕಿಲ್ಲ. ಆದರೆ ತನ್ನ ಬಗ್ಗೆಯೇ ನಕ್ಕರೇನೋ ಎಂದು ಅವನು ತಲೆ ತಗ್ಗಿಸುತ್ತಾನೆ. ಮೂವರಿದ್ದಾಗ ಒಬ್ಬನನ್ನು ಬಿಟ್ಟು ಇಬ್ಬರು ಗುಟ್ಟು ಮಾತಾಡಬಾರದು, ಅದು ಅವನನ್ನು ನೋಯಿಸುತ್ತದೆ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಅವನಿಗೆ ತಿಳಿಯದ ಭಾಷೆಯಲ್ಲಿ ಮಾತಾಡುವುದೂ ಇದಕ್ಕೆ ಸೇರುತ್ತದೆಂದು ವಿದ್ವಾಂಸರು ಹೇಳುತ್ತಾರೆ. ಇಲ್ಲಿ ಹಳೆಯ ಗೆಳೆತನವನ್ನು ಬಿಡಬೇಕಾಗಿಲ್ಲ. ಮಾತನ್ನು ಕನ್ನಡಕ್ಕೆ ತಿರುಗಿಸಿದರೆ ಸಾಕು.

ಇನ್ನು ಅದೇ ಯುವಕ ಮುಂದಿನ ವಾರ ಸಾಲಕ್ಕೆ ಜಾಮೀನು ನಿಲ್ಲಲು ಕೇಳಿದರೆ? ನಿಮ್ಮ ಸಂಬಳದಲ್ಲಿ ಊರಿನ ತಾಯಿಯ ಔಷಧಿಯೂ ಮಕ್ಕಳ ಫೀಸೂ ಇದೆ. ಅದು ಅವರ ಹಕ್ಕು. ಆ ಹಣವನ್ನು ಅಪಾಯಕ್ಕೆ ಒಡ್ಡಿ ಉದಾರಿ ಎನಿಸಿಕೊಳ್ಳುವುದು ಒಳಿತಲ್ಲ. ಮೃದುವಾಗಿ ಇಲ್ಲವೆನ್ನಬಹುದು. ಬದಲಿಗೆ ಅವನ ಜೊತೆ ಕೂತು ಲೆಕ್ಕ ನೋಡಬಹುದು, ಕೆಲಸದ ಸುದ್ದಿ ತಿಳಿಸಬಹುದು. ಪೇಟೆಯ ದಾರಿ ತೋರಿಸುವುದೆಂದರೆ ಇದೇ.

ಹಾಗೆಯೇ ಹೊಸಬನಿಗೂ ಒಂದು ಮರ್ಯಾದೆ ಇದೆ: ಕೊಡಲು ಬಂದದ್ದನ್ನೆಲ್ಲ ತೆಗೆದುಕೊಳ್ಳದಿರುವುದು.

ಹಳೆಯ ಗೆಳೆಯನಿಗೆ ಬೇಸರವಾಗಿದೆಯೆಂದು ಹೇಗೆ ತಿಳಿಯುವುದು? ಅವನು ಜಗಳಕ್ಕೆ ಬರುವುದಿಲ್ಲ, ಫೋನ್ ಮಾಡುವುದನ್ನು ನಿಲ್ಲಿಸುತ್ತಾನೆ. ಆಗ ಕೂಟದವರೆಗೆ ಕಾಯದೆ ಅವನ ರೂಮಿಗೇ ಹೋಗಿ ಒಂದು ಇಫ್ತಾರ್ ಅವನ ಜೊತೆ ಮುಗಿಸಿ. ಕೂಟದ ಆ ಒಂದು ಗಂಟೆಯನ್ನು ಹೊಸಬರಿಗೆ ಬಿಟ್ಟುಕೊಡಿ.