ಅವನ ಮಾತು, ನನ್ನ ಬಾಯಿ

ನಮ್ಮ ಅಪಾರ್ಟ್‌ಮೆಂಟಿನ ಸೆಲ್ಲಾರ್‌ನಲ್ಲಿ ಬಟ್ಟೆ ಇಸ್ತ್ರಿ ಮಾಡುವ ಹುಡುಗನಿಗೆ ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲ, ಮಾತೂ ಇಲ್ಲ. ಶಾಲೆಗೆ ಹೋದವನಲ್ಲ. ಆರು ವರ್ಷಗಳಿಂದ ನಮ್ಮಿಬ್ಬರ ನಡುವೆ ಒಂದು ಸಣ್ಣ ಸನ್ನೆಭಾಷೆ ಬೆಳೆದಿದೆ. ಎಷ್ಟು ಅಂಗಿ, ಎಷ್ಟು ಪ್ಯಾಂಟು, ಸಂಜೆಗೋ ನಾಳೆಗೋ, ನಿಮ್ಮ ಮಗಳ ಜ್ವರ ಇಳಿಯಿತೇ, ಇಷ್ಟು. ಇಷ್ಟರಿಂದಲೇ ಅವನ ಭಾಷೆ ನನಗೆ ಗೊತ್ತು ಎಂದು ನಾನು ನಂಬಿಕೊಂಡಿದ್ದೆ. ಆ ನಂಬಿಕೆ ಅವನಿಗೆ ಎಷ್ಟು ದುಬಾರಿಯಾಯಿತು ಎಂಬುದೇ ಈ ಬರಹ.

2024ರ ಕೊನೆಯಲ್ಲಿ ಒಂದು ದಿನ ಅವನು ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದ. ಜೇಬಿನಲ್ಲಿದ್ದ ಆಸ್ಪತ್ರೆಯ ಚೀಟಿಯಲ್ಲಿ ಬೈಕಿನಿಂದ ಜಾರಿ ಬಿದ್ದದ್ದು ಎಂದು ಬರೆದಿತ್ತು. ಅವನಿಗೆ ಬೈಕು ಓಡಿಸಲು ಬರುವುದಿಲ್ಲ. ಕೇಳಿದಾಗ ತಲೆ ಜೋರಾಗಿ ಅಲ್ಲಾಡಿಸಿ ಎಡಗೈಯಲ್ಲೇ ಸನ್ನೆ ಮಾಡತೊಡಗಿದ. ದುಡ್ಡು, ಮೀಸೆ ಇರುವವನು (ಅಂದರೆ ಅವನ ಭಾವ), ಜಗಳ. ಕೊನೆಗೆ ಮುಷ್ಟಿ ಬಿಗಿದು ಎದೆಯ ಮುಂದಿನಿಂದ ಒಂದು ಪಕ್ಕಕ್ಕೆ ರಭಸದಿಂದ ಬೀಸಿದ. ಪ್ಲಾಸ್ಟರಿನ ಕೈಯೂ ಅದರ ಜೊತೆಗೇ ಅಷ್ಟಿಷ್ಟು ಅಲುಗಿತು. ನನಗೆ ಕಂಡದ್ದು ಎರಡು ಕೈಯಲ್ಲಿ ರಾಡ್ ಹಿಡಿದು ಬೀಸಿದ ಚಿತ್ರ.

ಅವನನ್ನು ಕರೆದುಕೊಂಡು ಠಾಣೆಗೆ ಹೋದೆ. ಬರೆದುಕೊಳ್ಳುತ್ತಿದ್ದವರು ಒಮ್ಮೆ ಅವನತ್ತ ನೋಡಿ, ಆಮೇಲೆ ಪೂರ್ತಿ ನನ್ನತ್ತಲೇ ತಿರುಗಿ ಕುಳಿತರು. "ಏಮಂಟುಂಡು ಸಾರ್?" ಏನಂತಾನೆ ಎಂಬ ಪ್ರಶ್ನೆ. ನಾನು ರಾಯಚೂರಿನವನು, ತೆಲುಗು ಚಿಕ್ಕಂದಿನಿಂದ ಕಿವಿಗೆ ಬಿದ್ದಿದೆ. ಅವನ ಸನ್ನೆ ನನ್ನ ತಲೆಯಲ್ಲಿ ಕನ್ನಡವಾಗಿ, ಬಾಯಲ್ಲಿ ತೆಲುಗಾಗಿ, ಅವರ ಪೆನ್ನಿನಲ್ಲಿ ಠಾಣೆಯ ತೆಲುಗಾಗಿ ಕಾಗದಕ್ಕೆ ಇಳಿಯಿತು. ನನ್ನ ಭಾವ ಕಬ್ಬಿಣದ ರಾಡಿನಿಂದ ನನ್ನ ಕೈಗೆ ಹೊಡೆದನು, ಎಂದು. ಅವನು ಎಡಗೈ ಹೆಬ್ಬೆಟ್ಟು ಒತ್ತಿದ. ಇಪ್ಪತ್ತು ನಿಮಿಷದ ಕೆಲಸ. ಹೊರಗೆ ಬಂದಾಗ ಒಂದು ಪುಣ್ಯದ ಕೆಲಸ ಮಾಡಿದೆ ಎಂಬ ಸಮಾಧಾನ ನನಗಿತ್ತು.

ಎರಡು ದಿನ ಬಿಟ್ಟು ಅವನ ಅಕ್ಕ ಮನೆಯ ಬಾಗಿಲಿಗೆ ಬಂದಳು. "ಅವರು ತಳ್ಳಿದ್ದು ನಿಜ ಸಾರ್, ನಾನೇ ನೋಡಿದೀನಿ. ಆದ್ರೆ ರಾಡ್ ಎಲ್ಲಿಂದ ಬಂತು? ನೀವ್ಯಾಕೆ ಹಾಗೆ ಬರೆಸಿದ್ರಿ?" ಎಂದು ಕೇಳಿದಳು. ಅವನು ತೋರಿಸಿದ್ದು ಅಂಗಿಯ ಕಾಲರನ್ನು ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲ ಕಡೆಗೆ ಎಸೆದದ್ದನ್ನು. ರಾಡ್ ನನ್ನದು.

ಆ ರಾಡ್ ಸಣ್ಣ ವಿಷಯವಲ್ಲ. ಮೂಳೆ ಮುರಿದರೆ ಕಾನೂನಿನಲ್ಲಿ ಅದು ತೀವ್ರ ಗಾಯ. ಭಾರತೀಯ ನ್ಯಾಯ ಸಂಹಿತೆಯ 117ನೇ ಕಲಂ ಪ್ರಕಾರ ಅದಕ್ಕೆ ಸಾಮಾನ್ಯವಾಗಿ 7 ವರ್ಷದವರೆಗೆ ಶಿಕ್ಷೆ. ಅದೇ ಗಾಯ ಅಪಾಯಕಾರಿ ಆಯುಧದಿಂದ ಆದರೆ 118ನೇ ಕಲಂ ಬರುತ್ತದೆ, ಶಿಕ್ಷೆ ಜೀವಾವಧಿಯವರೆಗೂ ಹೋಗಬಹುದು. ನಾನು ಸೇರಿಸಿದ ಒಂದು ಪದ ಒಬ್ಬನ ಮೇಲೆ ಇಲ್ಲದ ಅಪರಾಧ ಹೊರಿಸಿತು. ಅದು ಸುಳ್ಳೆಂದು ಗೊತ್ತಾದ ದಿನ, ಅವನು ಎಸೆದನೆಂಬ ನಿಜವೂ ಅದರ ಜೊತೆ ಅನುಮಾನಕ್ಕೆ ಬೀಳುತ್ತದೆ. ಆಸ್ಪತ್ರೆಯ ಕಾಗದ ಬೈಕು ಎನ್ನುತ್ತದೆ, ಠಾಣೆಯ ಕಾಗದ ರಾಡ್ ಎನ್ನುತ್ತದೆ. ಎರಡರಲ್ಲೂ ಅವನ ಮಾತಿಲ್ಲ. ಆಸ್ಪತ್ರೆಯಲ್ಲಿ ಅವನ ಪರವಾಗಿ ಮಾತಾಡಿದ್ದು ಕರೆತಂದ ಭಾವನೇ. ಠಾಣೆಯಲ್ಲಿ ನಾನು. ಒಬ್ಬ ಕೇಡಿಗಾಗಿ, ಒಬ್ಬ ಒಳ್ಳೆಯದಕ್ಕಾಗಿ ಮಾತಾಡಿದೆವು. ಆದರೆ ಮಾಡಿದ ಕೆಲಸ ಒಂದೇ: ಅವನ ಬಾಯಿಯ ಜಾಗದಲ್ಲಿ ನಮ್ಮ ಬಾಯಿ ಇಟ್ಟೆವು.

ಆಮೇಲೆ ಓದತೊಡಗಿದಾಗ ಸುಪ್ರೀಂ ಕೋರ್ಟಿನ ಒಂದು ತೀರ್ಪು ಸಿಕ್ಕಿತು. ರಾಜಸ್ಥಾನ ಸರ್ಕಾರ ಮತ್ತು ದರ್ಶನ್ ಸಿಂಗ್ ನಡುವಿನದು, 2012ರ ಮೇ ತಿಂಗಳದು. ಕೊಲೆಯಾದವನ ಹೆಂಡತಿಗೆ ಕಿವಿ, ಮಾತು ಎರಡೂ ಇರಲಿಲ್ಲ. ಪ್ರಾಸಿಕ್ಯೂಷನ್ನಿಗೆ ಮುಖ್ಯ ಸಾಕ್ಷಿ ಅವಳೇ. ಅವಳ ಸನ್ನೆಗಳನ್ನು ಕೋರ್ಟಿಗೆ ವಿವರಿಸಿದ್ದು ಅವಳ ತಂದೆ. ಅವರಿಗೆ ಪ್ರಮಾಣ ಮಾಡಿಸಿರಲಿಲ್ಲ. ಅವಳು ಮಾಡಿದ ಸನ್ನೆಗಳನ್ನು ಯಾರೂ ಬರೆದಿಡಲಿಲ್ಲ, ತಂದೆ ಹೇಳಿದ ಅರ್ಥವಷ್ಟೇ ದಾಖಲಾಯಿತು. ಅವಳಿಗೆ ಓದು ಬರಹ ಬರುತ್ತಿತ್ತು, ಕೋರ್ಟಿನಲ್ಲೇ ಮಾವನ ಫೋನ್ ನಂಬರ್ ಬರೆದು ತೋರಿಸಿದ್ದಳು. ಹಾಗಿದ್ದರೆ ಪ್ರಶ್ನೆಯನ್ನು ಬರೆದುಕೊಟ್ಟು ಉತ್ತರವನ್ನು ಬರೆಸಿಕೊಳ್ಳಲಿಲ್ಲ ಏಕೆ ಎಂದು ಸುಪ್ರೀಂ ಕೋರ್ಟ್ ಕೇಳಿತು. ಕಾನೂನು ಬಯಸುವುದು ಸನ್ನೆಗಳ ದಾಖಲೆಯನ್ನು, ಸನ್ನೆಗಳ ಅರ್ಥವಿವರಣೆಯ ದಾಖಲೆಯನ್ನಲ್ಲ ಎಂದಿತು. ಇತರ ಕಾರಣಗಳ ಜೊತೆಗೆ ಇದೂ ಸೇರಿ ಆರೋಪಿಯ ಬಿಡುಗಡೆ ಖಾಯಂ ಆಯಿತು. ಆ ಹೆಣ್ಣುಮಗಳು ಏನು ಕಂಡಿದ್ದಳೋ, ಅದು ಅವಳದೇ ರೂಪದಲ್ಲಿ ಕೋರ್ಟಿಗೆ ತಲುಪಲೇ ಇಲ್ಲ. ತಂದೆ ಮಗಳ ಕೈಬಿಡಲಿಲ್ಲ. ಆದರೆ ಅವರು ಸಂಬಂಧಪಟ್ಟವರು, ಅವರ ಪ್ರೀತಿಯೇ ಸಾಕ್ಷ್ಯವನ್ನು ಅನುಮಾನಕ್ಕೆ ಒಡ್ಡಿತು.

ನಮ್ಮ ಐಟಿ ಕೆಲಸದಲ್ಲಿ ಇದು ಹೊಸ ಪಾಠವೇನಲ್ಲ. ಸರ್ವರ್ ಬಿದ್ದಾಗ ಎಂಜಿನಿಯರ್ ಬರೆದ ಸಾರಾಂಶ ಎಷ್ಟೇ ಚೆನ್ನಾಗಿರಲಿ, ನಾವು ಮೊದಲು ಕೇಳುವುದು ಮೂಲ ಲಾಗ್. ಸಾರಾಂಶದಲ್ಲಿ ಬರೆದವನ ಊಹೆಯೂ ಸೇರಿರುತ್ತದೆ. ಲಾಗ್ ಉಳಿದಿದ್ದರೆ ನಾಳೆ ಇನ್ನೊಬ್ಬ ಅದನ್ನು ಬೇರೆ ರೀತಿ ಓದಬಹುದು. ನಾನು ಠಾಣೆಯಲ್ಲಿ ಲಾಗ್ ಅಳಿಸಿ ಸಾರಾಂಶ ಮಾತ್ರ ಇಟ್ಟು ಬಂದಿದ್ದೆ.

ತಪ್ಪು ತಿದ್ದಲು ತನಿಖಾಧಿಕಾರಿಯನ್ನು ಮತ್ತೆ ಕಂಡೆ. ರಾಡ್ ಎಂದದ್ದು ನನ್ನ ಊಹೆ ಎಂದು ಬರೆದುಕೊಟ್ಟೆ. ಕಿವಿ ಕೇಳದ ಮಕ್ಕಳಿಗೆ ಕಲಿಸಿ ನಿವೃತ್ತರಾದ ಒಬ್ಬ ಮೇಡಂ ಪರಿಚಯದವರ ಮೂಲಕ ಸಿಕ್ಕರು. ಅವರು ತಮ್ಮ ಹಳೆಯ ವಿದ್ಯಾರ್ಥಿಯೊಬ್ಬನನ್ನೂ ಕರೆತಂದರು. ಅವನಿಗೂ ಕಿವಿ ಕೇಳುವುದಿಲ್ಲ. ಕಾರಣ ಕೇಳಿದಾಗ ಮೇಡಂ ಹೇಳಿದರು: "ನನಗೆ ಗೊತ್ತಿರೋದು ಶಾಲೆಯ ಸಂಜ್ಞಾ ಭಾಷೆ. ನಿಮ್ಮ ಹುಡುಗ ಶಾಲೆಗೇ ಹೋಗಿಲ್ಲ, ಅವನದು ಮನೆಯ ಸನ್ನೆ. ಅದನ್ನ ನನಗಿಂತ ಇವನು ಬೇಗ ಹಿಡೀತಾನೆ." ಅಂದರೆ ಹುಡುಗನ ಸನ್ನೆಯನ್ನು ಆ ಯುವಕ ಸಂಜ್ಞಾ ಭಾಷೆಗೆ ತರುವುದು, ಮೇಡಂ ಅದನ್ನು ತೆಲುಗಿಗೆ ತರುವುದು.

ಅವರು ಘಟನೆಯ ಬಗ್ಗೆ ಕೂಡಲೇ ಕೇಳಲಿಲ್ಲ. ಮೊದಲ ಅರ್ಧ ಗಂಟೆ ಇಸ್ತ್ರಿ, ಊಟ, ಹಬ್ಬದ ಮಾತು. ನಿನ್ನೆ ಎನ್ನಲು ಅವನು ಏನು ಮಾಡುತ್ತಾನೆ, ಇಲ್ಲ ಎನ್ನಲು ಏನು, ಗೊತ್ತಿಲ್ಲ ಎನ್ನಲು ಏನು ಎಂದು ತಿಳಿದುಕೊಂಡರು. ಅವನು ತಲೆಯಾಡಿಸಿದ್ದನ್ನೆಲ್ಲ ಹೌದು ಎಂದು ಎಣಿಸಲಿಲ್ಲ. ಎದುರಿನವರು ದೊಡ್ಡವರಾದರೆ ಪ್ರಶ್ನೆ ಅರ್ಥವಾಗದಿದ್ದರೂ ತಲೆಯಾಡಿಸುವುದು ಇಂಥವರಿಗೆ ರೂಢಿ. ಅದನ್ನು ಪತ್ತೆಹಚ್ಚಲು ಮೇಡಂ ನಡುವೆ ಒಂದು ತಪ್ಪು ಪ್ರಶ್ನೆ ಹಾಕಿದರು: ನಿನ್ನ ಕಾಲು ಮುರಿದಿದೆಯಾ? ಅದಕ್ಕೂ ಅವನು ತಲೆಯಾಡಿಸಿದ. ಅಲ್ಲಿಂದ ಮುಂದೆ ಹೌದು, ಇಲ್ಲ ಎಂಬ ಪ್ರಶ್ನೆಗಳನ್ನೇ ಬಿಟ್ಟು, ಆಮೇಲೆ ಏನಾಯಿತು ತೋರಿಸು ಎನ್ನುತ್ತಾ ಹೋದರು. ಕಾಗದದ ಮೇಲೆ ಮೆಟ್ಟಿಲು ಬಿಡಿಸಿದರು. ಅವನು ತಾನು ನಿಂತ ಜಾಗಕ್ಕೆ, ಬಿದ್ದ ಜಾಗಕ್ಕೆ ಬೆರಳಿಟ್ಟ.

ಬರೆದುಕೊಂಡ ಕ್ರಮವೂ ಬೇರೆ. ಹಾಳೆಯಲ್ಲಿ ಮೂರು ಕಾಲಂ. ಮೊದಲನೆಯದರಲ್ಲಿ ಕೇಳಿದ ಪ್ರಶ್ನೆ. ಎರಡನೆಯದರಲ್ಲಿ ಕಣ್ಣಿಗೆ ಕಂಡ ಸನ್ನೆ: ಮುಷ್ಟಿ ತನ್ನದೇ ಕಾಲರಿನ ಮೇಲೆ, ಬಲಕ್ಕೆ ತಿರುಗಿಸಿ ಬೆರಳು ಬಿಚ್ಚಿದನು. ಮೂರನೆಯದರಲ್ಲಿ ದುಭಾಷಿಯ ಅರ್ಥ: ಹಿಡಿದು ಎಸೆದನು. ಬೆರಳು ಬಿಚ್ಚಿದ್ದನ್ನು ನಾನು ಅಂದು ನೋಡಿಯೇ ಇರಲಿಲ್ಲ. ರಾಡ್ ಹಿಡಿದವನು ಹೊಡೆದ ಮೇಲೆ ಬೆರಳು ಬಿಚ್ಚುವುದಿಲ್ಲ. ಖಚಿತವಾಗದ ಒಂದು ಕಡೆ ಮೇಡಂ ಅರ್ಥದ ಕಾಲಮ್ಮನ್ನು ಖಾಲಿ ಬಿಡಿಸಿದರು. ವಿಡಿಯೊ ತೆಗೆದ ಕಾನ್‌ಸ್ಟೆಬಲ್ ಮೊದಲು ಮುಖ ಮಾತ್ರ ಹಿಡಿದಿದ್ದರು. ಸೊಂಟದಿಂದ ಮೇಲಕ್ಕೆ ಎರಡೂ ಕೈ, ಮುಖ, ಜೊತೆಗೆ ದುಭಾಷಿಯೂ ಒಂದೇ ಚೌಕಟ್ಟಿನಲ್ಲಿ ಬರಬೇಕು, ಕಿಟಕಿ ಬೆನ್ನ ಹಿಂದೆ ಇರಬಾರದು ಎಂದು ಮೇಡಂ ತಿದ್ದಿದರು. ಸಂಜ್ಞಾ ಭಾಷೆಯಲ್ಲಿ ಹುಬ್ಬೂ ವ್ಯಾಕರಣವೇ, ಅದರಿಂದಲೇ ಪ್ರಶ್ನೆ ಯಾವುದು, ಹೇಳಿಕೆ ಯಾವುದು ಎಂದು ತಿಳಿಯುತ್ತದೆ. ದೂರನ್ನು ದೂರುದಾರನಿಗೆ ಓದಿ ಹೇಳಬೇಕು ಎಂಬುದು ನಿಯಮ. ಕಿವಿ ಕೇಳದವನ ಎದುರು ಓದಿದರೆ ಏನು ಪ್ರಯೋಜನ? ಬರೆದದ್ದನ್ನು ಆ ಯುವಕ ಅವನಿಗೆ ಸನ್ನೆಯಲ್ಲಿ ತಿರುಗಿ ತೋರಿಸಿದ, ಅವನು ಎರಡು ಕಡೆ ತಿದ್ದಿದ.

ಲೈಂಗಿಕ ಅಪರಾಧಕ್ಕೆ ಒಳಗಾದ ಅಂಗವಿಕಲರ ವಿಷಯದಲ್ಲಿ 2013ರ ತಿದ್ದುಪಡಿಯಿಂದಲೇ ಇದೆಲ್ಲ ಕಡ್ಡಾಯ. ಅವರ ಮನೆಯಲ್ಲಿ ಅಥವಾ ಅವರು ಬಯಸಿದ ಜಾಗದಲ್ಲಿ, ದುಭಾಷಿ ಇಲ್ಲವೇ ವಿಶೇಷ ಶಿಕ್ಷಕರ ಎದುರು, ವಿಡಿಯೊ ಸಹಿತ ದೂರು ಬರೆದುಕೊಳ್ಳಬೇಕು. ಈಗ ಅದು ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲಿದೆ. ನಮ್ಮ ಹುಡುಗನದು ಹೊಡೆತದ ಪ್ರಕರಣ, ಆ ಕಲಂ ಅವನಿಗೆ ಅನ್ವಯಿಸುವುದಿಲ್ಲ. ಆದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 12ನೇ ಕಲಂ ಇದೆ. ಅಂಗವಿಕಲರ ಹೇಳಿಕೆಯನ್ನು ಅವರು ಬಯಸುವ ಭಾಷೆ, ವಿಧಾನದಲ್ಲೇ ದಾಖಲಿಸಲು ಸೌಲಭ್ಯ ಒದಗಿಸಬೇಕು ಎನ್ನುತ್ತದೆ. ಆಸ್ಪತ್ರೆಗಳಿಗೂ ಕೇಂದ್ರ ಆರೋಗ್ಯ ಇಲಾಖೆ 2014ರಲ್ಲಿ ಲೈಂಗಿಕ ದೌರ್ಜನ್ಯದ ಪ್ರಕರಣಗಳಿಗಾಗಿ ಮಾರ್ಗಸೂಚಿ ಕೊಟ್ಟಿದೆ. ದುಭಾಷಿಗಳ ಪಟ್ಟಿ ಇಟ್ಟುಕೊಳ್ಳಿ, ದುಭಾಷಿ ಇದ್ದರೂ ಡಾಕ್ಟರು ನೊಂದವರ ಜೊತೆಗೇ ನೇರವಾಗಿ ಸಂವಹನ ನಡೆಸಲಿ ಎಂಬುದು ಅದರಲ್ಲಿದೆ. ಇದು ಎಲ್ಲ ಗಾಯಗಳಿಗೂ ಒಪ್ಪುವ ಮಾತು. ಹೈದರಾಬಾದಿನಲ್ಲಿ ಹುಡುಕಿದರೆ ನೆರವು ಸಿಗದೆಯೂ ಇಲ್ಲ. ಸಿಕಂದರಾಬಾದಿನ ಮನೋವಿಕಾಸನಗರದಲ್ಲೇ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ನಾನು ಅಂದು ಅಲ್ಲಿ ಕೇಳಲೇ ಇಲ್ಲ, ಏಕೆಂದರೆ ನಾನಿದ್ದೆನಲ್ಲ.

ರಾತ್ರಿ ಹನ್ನೊಂದಕ್ಕೆ ರಕ್ತ ಸೋರುತ್ತಾ ಬಂದವನಿಗೆ ದುಭಾಷಿಯನ್ನು ಎಲ್ಲಿಂದ ತರುವುದು ಎಂದು ಗೆಳೆಯರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಚಿಕಿತ್ಸೆಯೂ ಕಾಯಬಾರದು, ದೂರೂ ಕಾಯಬಾರದು. ಅರ್ಥ ಮಾತ್ರ ಕಾಯಬಹುದು. ಸನ್ನೆಯನ್ನು ಒಂದು ಮೊಬೈಲಿನಲ್ಲಿ ಸರಿಯಾಗಿ ಹಿಡಿದಿಟ್ಟರೆ ಅರ್ಥವನ್ನು ಮರುದಿನ ಬಿಡಿಸಬಹುದು. ಡಾಕ್ಟರು ಬೈಕಿನಿಂದ ಬಿದ್ದ ಎಂದು ಬರೆಯುವ ಬದಲು, ಜೊತೆಗೆ ಬಂದ ಭಾವ ಹೀಗೆಂದರು, ರೋಗಿಯಿಂದ ತಿಳಿಯಲು ಆಗಿಲ್ಲ ಎಂದು ಬರೆದಿದ್ದರೆ ಸಾಕಿತ್ತು. ನಾನು ಠಾಣೆಯಲ್ಲಿ, ಇವನು ಮುಷ್ಟಿ ಬೀಸಿ ತೋರಿಸಿದ, ಅದು ಏನೆಂದು ನನಗೆ ಖಚಿತವಿಲ್ಲ ಎಂದಿದ್ದರೆ ಸಾಕಿತ್ತು.

ಹೇಳಲಾಗದ್ದಕ್ಕೆ ಮೂಗನ ಕನಸು ಎನ್ನುತ್ತೇವೆ. ಮಾತಿಲ್ಲದವನು ಕನಸನ್ನು ಹೇಳಲಾರ ಎಂಬುದು ಮಾತಿರುವವರ ತೀರ್ಮಾನ. ಅವನು ಹೇಳಿದ್ದ, ಕೇಳಿಸಿಕೊಳ್ಳದೆ ಹೋದವನು ನಾನು. ಪರರಿಗಾಗಿ ಮಾತಾಡುವುದು ಒಳ್ಳೆಯದೇ ಎಂಬುದನ್ನು ನಾನು ಎಂದೂ ಪ್ರಶ್ನಿಸಿರಲಿಲ್ಲ. ಈಗ ಅದಕ್ಕೊಂದು ಷರತ್ತು ಇದೆ ಅನಿಸುತ್ತದೆ: ಎಲ್ಲಿಯವರೆಗೆ ಅವನ ಮಾತು, ಎಲ್ಲಿಂದ ನನ್ನ ಊಹೆ ಎಂಬ ಗೆರೆ ಕಾಗದದ ಮೇಲೆ ಕಾಣುತ್ತಿರಬೇಕು.

ಪ್ರಕರಣ ಇನ್ನೂ ನಡೆಯುತ್ತಿದೆ. ಹೊಸ ಹೇಳಿಕೆ ಫೈಲಿಗೆ ಸೇರಿದೆ, ಆದರೆ ಹಳೆಯ ದೂರು ಅಳಿಸುವುದಿಲ್ಲ. ಅವನ ಹೆಬ್ಬೆಟ್ಟಿನ ಮೇಲೆ ನನ್ನ ರಾಡ್ ಹಾಗೇ ಇದೆ. ವಿಚಾರಣೆ ಶುರುವಾದ ದಿನ ಎದುರು ಪಕ್ಷದ ವಕೀಲರು ಮೊದಲು ಅದನ್ನೇ ಎತ್ತುತ್ತಾರೆ. ಉತ್ತರ ಹೇಳಬೇಕಾದವನು ನಾನು. ಆದರೆ ಪ್ರಶ್ನೆ ಅವನಿಗೆ ಹೋಗುತ್ತದೆ.